ಡಬ್ಬಿಯ ಮೇಲೆ 32, ಒಳಗೆ ಎಷ್ಟು?

2020ರ ಡಿಸೆಂಬರ್ 30. ಗ್ರಾಮ ಪಂಚಾಯಿತಿ ಚುನಾವಣೆಯ ಮತ ಎಣಿಕೆ. ಬೀದರ್ ಬಿಟ್ಟರೆ ಉಳಿದೆಡೆಯೆಲ್ಲ ಮತಪತ್ರ, ಹಾಗಾಗಿ ಎಣಿಕೆ ರಾತ್ರಿಯವರೆಗೂ ಎಳೆಯಿತು. ನಮ್ಮಲ್ಲೊಬ್ಬರು ಧಾರವಾಡದ ಎಣಿಕೆ ಕೇಂದ್ರದ ಹೊರಗೆ ಕಟ್ಟೆಯ ಮೇಲೆ ಕೂತು ಉಪ್ಪಿನಬೆಟಗೇರಿ ಭಾಗದ ಫಲಿತಾಂಶ ಹೊಡೆಯುತ್ತಿದ್ದರು. ಎರಡು ತಾಸಿನ ಕೆಲಸ. ಸೇವ್ ಒತ್ತಿದರು. ಡಿಸ್ಕ್ ತುಂಬಿದೆ ಎಂಬ ಸಂದೇಶ ಬಂತು. ಮುಚ್ಚಿ ಮತ್ತೆ ತೆಗೆದು ನೋಡಿದರೆ ಫೈಲಿನ ಹೆಸರು ಹಾಗೇ ಇದೆ, ಗಾತ್ರ ಮಾತ್ರ 0 ಕೆಬಿ. ಆ ರಾತ್ರಿ ಫಲಿತಾಂಶವನ್ನೆಲ್ಲ ಫೋನಿನಲ್ಲಿ ಡೆಸ್ಕಿಗೆ ಓದಿ ಹೇಳಿದ್ದಾಯಿತು. ಅವರು ಬರೆದುಕೊಂಡದ್ದರಲ್ಲಿ ಎರಡು ಹೆಸರು ತಪ್ಪಿದವು. ಮರುದಿನ ಊರಲ್ಲಿ ಬೈಸಿಕೊಂಡವರು ಡೆಸ್ಕಿನವರಲ್ಲ, ನಾವು.

ನಾವು ಅಂದರೆ ಈ ಭಾಗದಲ್ಲಿ ಸುದ್ದಿಗಿಷ್ಟು, ಫೋಟೊಕ್ಕಿಷ್ಟು ಅಂತ ದುಡಿಯುವ ನಾಲ್ಕು ಜನ ಬಿಡಿ ವರದಿಗಾರರು. ನಾಲ್ವರ ಪೈಕಿ ಮೂವರ ಬಳಿ ಒಂದೇ ಜಾತಿಯ ಲ್ಯಾಪ್‌ಟಾಪ್: ಹಗುರ, ಅಗ್ಗ, 2 ಜಿಬಿ ರ್‍ಯಾಮ್, 32 ಜಿಬಿ ಸಂಗ್ರಹ. ಯಾವ ಕಂಪನಿಯದು ಎಂಬುದು ಇಲ್ಲಿ ಮುಖ್ಯವಲ್ಲ. 2016ರಲ್ಲಿ 9,999 ರೂಪಾಯಿಗೆ ಇಂಥ ಯಂತ್ರಗಳು ನಮ್ಮ ದೇಶದ ಮಾರುಕಟ್ಟೆಗೆ ಬಂದಾಗಿನಿಂದ ಹೆಸರು ಬದಲಾಗಿವೆ, ಹೊಟ್ಟೆ ಬದಲಾಗಿಲ್ಲ.

ಆ ರಾತ್ರಿ ಏನಾಯಿತು ಎಂದು ತಿಳಿಯಲು ನಮಗೆ ಒಂದು ವಾರ ಬೇಕಾಯಿತು. ಮೊದಲು ಆ 0 ಕೆಬಿಯ ವಿಷಯ. ಕೆಲವು ಎಡಿಟರುಗಳು ಸೇವ್ ಮಾಡುವಾಗ ಹಳೆಯ ಫೈಲನ್ನು ಮೊದಲು ಖಾಲಿ ಮಾಡುತ್ತವೆ, ಆಮೇಲೆ ಹೊಸದನ್ನು ಬರೆಯುತ್ತವೆ. ಖಾಲಿ ಮಾಡಲು ಜಾಗ ಬೇಡ, ಬರೆಯಲು ಬೇಕು. ನಡುವೆ ಜಾಗ ಮುಗಿದರೆ ಹಳೆಯದೂ ಇಲ್ಲ, ಹೊಸದೂ ಇಲ್ಲ. ಆ ಸಂದೇಶ ಕಂಡ ಕೂಡಲೇ ಕಿಟಕಿಯನ್ನು ಮುಚ್ಚದೆ, ಇಡೀ ಬರಹವನ್ನು ಆಯ್ಕೆ ಮಾಡಿ ನಕಲಿಸಿ ಇನ್ನೆಲ್ಲಾದರೂ ಅಂಟಿಸಿದ್ದರೆ, ಇಲ್ಲವೇ ಪೆನ್‌ಡ್ರೈವ್ ಚುಚ್ಚಿ ಬೇರೆ ಹೆಸರಿನಲ್ಲಿ ಅದರಲ್ಲಿ ಉಳಿಸಿದ್ದರೆ ಸುದ್ದಿ ಉಳಿಯುತ್ತಿತ್ತು. ಕಿಟಕಿ ತೆರೆದಿರುವವರೆಗೆ ಬರಹ ರ್‍ಯಾಮ್‌ನಲ್ಲಿ ಜೀವಂತವಿರುತ್ತದೆ. ನಮ್ಮವರು ಗಾಬರಿಯಲ್ಲಿ ಮುಚ್ಚಿಬಿಟ್ಟರು.

ಆದರೆ ಜಾಗ ಎಲ್ಲಿ ಹೋಯಿತು? ಹಿಂದಿನ ದಿನ ಸಂಜೆ ನೋಡಿದಾಗ ಸುಮಾರು 4 ಜಿಬಿ ಖಾಲಿ ಇತ್ತು. ಮರುದಿನ ರಾತ್ರಿ 212 ಎಂಬಿ. ಮಾಡಿದ ಕೆಲಸ ಒಂದು ಸುದ್ದಿ, ಐದಾರು ಫೋಟೊ.

ಇಲ್ಲಿ ಒಂದು ಲೆಕ್ಕ ಹೇಳಬೇಕು. 400 ಪದದ ಒಂದು ವರದಿ ಹೆಚ್ಚೆಂದರೆ 10 ಕೆಬಿ. ದಿನಕ್ಕೆ ಮೂರು ವರದಿಯಂತೆ ಒಂದು ದಿನವೂ ಬಿಡದೆ ಹತ್ತು ವರ್ಷ ಬರೆದರೂ 110 ಎಂಬಿ ದಾಟುವುದಿಲ್ಲ. ನುಡಿ ತಂತ್ರಾಂಶ ಹಿಡಿಯುವ ಜಾಗವೂ ಈ ಲೆಕ್ಕದಲ್ಲಿ ಚಿಲ್ಲರೆ. ಅಂದರೆ ಬಿಡಿ ವರದಿಗಾರನ ಜೀವಮಾನದ ದುಡಿಮೆಯೆಲ್ಲ ಆ 32 ಜಿಬಿಯ ಒಂದು ಮೂಲೆಯಲ್ಲಿ ಮಲಗಬಹುದು. ಹಾಗಾದರೆ ನಮ್ಮ ಮನೆಯಲ್ಲಿ ನಮಗೇ ಚಾಪೆ ಹಾಸಲು ಜಾಗ ಇಲ್ಲದಂತೆ ಮಾಡಿದವರು ಯಾರು?

ಡಬ್ಬಿಯ ಮೇಲಿನ 32 ಎಂಬುದು 3,200 ಕೋಟಿ ಬೈಟ್. ಕಂಪನಿಯವರು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ, ವಿಂಡೋಸ್ 1024ರ ಲೆಕ್ಕದಲ್ಲಿ ಎಣಿಸುತ್ತದೆ. ಆ ಲೆಕ್ಕಕ್ಕೆ ಅದು 29.8. ಚಿಪ್ಪಿನ ನಿಜವಾದ ಗಾತ್ರ ಇನ್ನೂ ಸ್ವಲ್ಪ ಕಡಿಮೆ ಇರುವುದರಿಂದ ನಮ್ಮ ಯಂತ್ರಗಳಲ್ಲಿ ಕಂಡದ್ದು 29.1. ಅದರಲ್ಲಿ ಯಂತ್ರ ಏಳಲು ಬೇಕಾದ ಸಣ್ಣ ವಿಭಾಗ, ಕೆಟ್ಟರೆ ಸರಿಮಾಡುವ ರಿಕವರಿ ವಿಭಾಗ ಕಳೆದರೆ C ಡ್ರೈವಿಗೆ ಉಳಿದದ್ದು 28 ಚಿಲ್ಲರೆ. ವಿಂಡೋಸ್, ಅದರ ಜೊತೆಗೆ ಯಾರೂ ಕೇಳದೇ ಬಂದ ಆಟ ಮತ್ತು ಟ್ರಯಲ್ ಆಂಟಿವೈರಸ್, ರ್‍ಯಾಮ್ ಸಾಲದಾದಾಗ ಬಳಸುವ ಪೇಜ್ ಫೈಲ್, ನಿದ್ದೆಗೆ ಹೋಗುವಾಗ ಬಳಸುವ ಹೈಬರ್ನೇಶನ್ ಫೈಲ್ ಎಲ್ಲ ಕೂತ ಮೇಲೆ, ಡಬ್ಬಿ ಒಡೆದ ದಿನ ನಮಗೆ ಸಿಕ್ಕದ್ದು 9 ಜಿಬಿಯ ಆಸುಪಾಸು.

ಅಡುಗೆ ಅನಿಲದ ಸಿಲಿಂಡರ್ ನೆನಪಿಸಿಕೊಳ್ಳಿ. 14.2 ಕೆಜಿ ಅಂದರೆ ಒಳಗಿನ ಗ್ಯಾಸಿನ ತೂಕ. ಕಬ್ಬಿಣದ ತೂಕವನ್ನು ಸಿಲಿಂಡರಿನ ಮೇಲೆ ಬೇರೆಯೇ ಬರೆದಿರುತ್ತಾರೆ. ಯೂರಿಯಾ ಚೀಲ 45 ಕೆಜಿ ಅಂದರೆ 45 ಕೆಜಿ ಯೂರಿಯಾ, ಚೀಲ ಸೇರಿಸಿ ಅಲ್ಲ. ಪೊಟ್ಟಣದ ಸಾಮಾನಿನ ಮೇಲೆ ನಿವ್ವಳ ಪ್ರಮಾಣ ನಮೂದಿಸಬೇಕು ಎಂದು 2011ರ ಕಾನೂನು ಮಾಪನ ನಿಯಮಗಳೇ ಹೇಳುತ್ತವೆ. ಬಿಸ್ಕತ್ತಿಗೂ ಅನ್ವಯವಾಗುವ ಈ ನ್ಯಾಯ ಲ್ಯಾಪ್‌ಟಾಪಿನ ಸಂಗ್ರಹಕ್ಕೆ ಯಾಕಿಲ್ಲ? ನಮಗೆ ಮಾರಿದ್ದು ಕಬ್ಬಿಣವನ್ನೂ ಸೇರಿಸಿ ತೂಗಿದ ಸಿಲಿಂಡರ್.

ಇದು ನಮ್ಮ ತಕರಾರು ಮಾತ್ರವಲ್ಲ. 2012ರ ನವೆಂಬರ್‌ನಲ್ಲಿ ಕ್ಯಾಲಿಫೋರ್ನಿಯಾದ ವಕೀಲರೊಬ್ಬರು 32 ಜಿಬಿಯ ಸರ್ಫೇಸ್ ಟ್ಯಾಬ್ಲೆಟ್ ಕೊಂಡು, ಅದರಲ್ಲಿ ಸುಮಾರು 16 ಜಿಬಿ ಮಾತ್ರ ತಮ್ಮ ಬಳಕೆಗೆ ಸಿಗುತ್ತದೆ ಎಂದು ಮೈಕ್ರೋಸಾಫ್ಟ್ ವಿರುದ್ಧ ಕೋರ್ಟಿಗೆ ಹೋಗಿದ್ದರು. ಆ ಕಂಪನಿ ಆಗ ತನ್ನ ಜಾಲತಾಣದಲ್ಲಿ ಯಾವ ಮಾದರಿಯಲ್ಲಿ ಎಷ್ಟು ಜಾಗ ಖಾಲಿ ಸಿಗುತ್ತದೆ ಎಂದು ಪಟ್ಟಿಯನ್ನೇ ಹಾಕಿತ್ತು. ಅಂದರೆ ಈ ಅಂಕಿ ಹೇಳಲು ಬರುವಂಥದ್ದೇ. ಕಾರ್ಖಾನೆಯಲ್ಲಿ ಒಂದೇ ಅಚ್ಚಿನಿಂದ ಸಾವಿರ ಯಂತ್ರಕ್ಕೆ ವಿಂಡೋಸ್ ತುಂಬುವವರಿಗೆ ಎಷ್ಟು ಉಳಿಯಿತು ಎಂಬುದು ಒಂದು ಎಂಬಿಯೂ ತಪ್ಪದಂತೆ ಗೊತ್ತಿರುತ್ತದೆ. ಡಬ್ಬಿಯ ಮೇಲೆ ಅಚ್ಚು ಹಾಕಲು ಮನಸ್ಸಿಲ್ಲ, ಅಷ್ಟೇ.

ಸರಿ, 9 ಜಿಬಿ. ಅದಾದರೂ ನಮ್ಮದೇ ಅಂದುಕೊಂಡೆವು. ಅದೂ ನಮ್ಮದಲ್ಲ ಎಂದು ತಿಳಿದದ್ದೇ ಎಣಿಕೆಯ ರಾತ್ರಿ. ನಮ್ಮ ಯಂತ್ರ ಬಂದದ್ದು ವಿಂಡೋಸ್ 10ರ 1909 ಎಂಬ ಆವೃತ್ತಿಯೊಂದಿಗೆ. ಮನೆಬಳಕೆಯ ಆ ಆವೃತ್ತಿಗೆ 2021ರ ಮೇ 11ಕ್ಕೆ ಆಯುಷ್ಯ ಮುಗಿಯುವುದಿತ್ತು. ಅಲ್ಲಿಂದ ಮುಂದಿನ ಆವೃತ್ತಿಗೆ ಹೋಗುವುದೆಂದರೆ ಸಣ್ಣ ತೇಪೆ ಹಾಕಿದಂತಲ್ಲ. ಇಡೀ ವಿಂಡೋಸನ್ನು ಮತ್ತೊಮ್ಮೆ ಇಳಿಸಿ, `C:\$WINDOWS.~BT` ಎಂಬ ಅಡಗಿದ ಫೋಲ್ಡರಿನಲ್ಲಿ ಬಿಚ್ಚಿ, ಹಳೆಯದನ್ನು `Windows.old` ಎಂದು ಪಕ್ಕಕ್ಕಿಟ್ಟು, ಹೊಸದನ್ನು ಕೂರಿಸಬೇಕು. ಹಳೆಯ ಮನೆಯಲ್ಲಿ ಸಂಸಾರ ಮಾಡುತ್ತಲೇ ಅದೇ ನಿವೇಶನದಲ್ಲಿ ಹೊಸ ಮನೆ ಕಟ್ಟಿದ ಹಾಗೆ. ನಮ್ಮ ಯಂತ್ರ ಹಿಂದಿನ ರಾತ್ರಿ ಮನೆಯ ವೈಫೈ ಸಿಕ್ಕಿದ್ದೇ ತಡ, ಹೇಳದೆ ಕೇಳದೆ ಇಳಿಸಲು ಶುರು ಮಾಡಿತ್ತು. ಇಳಿಸಿತು, ಜಾಗ ಸಾಲಲಿಲ್ಲ, ಅರ್ಧಕ್ಕೆ ನಿಂತಿತು, ಇಳಿಸಿದ್ದನ್ನು ಅಲ್ಲೇ ಬಿಟ್ಟಿತು.

ಇದನ್ನು ಪತ್ತೆ ಹಚ್ಚುವುದು ಕಷ್ಟವಲ್ಲ. ಯಾವ ಹೊಸ ಫೈಲೂ ಹಾಕದೆ ಒಂದೇ ರಾತ್ರಿಯಲ್ಲಿ ಮೂರು ನಾಲ್ಕು ಜಿಬಿ ಮಾಯವಾಗಿದ್ದರೆ ಅದು ಅಪ್‌ಡೇಟಿನದೇ ಕೆಲಸ ಎಂದು ಮೊದಲು ಅನುಮಾನಿಸಿ. Settings ಒಳಗೆ System, ಅದರೊಳಗೆ Storage ತೆರೆದರೆ Temporary files ಎಂಬ ಸಾಲು ಉಬ್ಬಿರುತ್ತದೆ. ಅಲ್ಲಿಂದಲೇ ಅಳಿಸಬಹುದು. ಆದರೆ ಆ ಪಟ್ಟಿಯಲ್ಲಿ Downloads ಕೂಡ ಇರುತ್ತದೆ. ಅದಕ್ಕೆ ಟಿಕ್ ಹಾಕಿ ಪತ್ರಿಕಾ ಹೇಳಿಕೆಗಳ ಪಿಡಿಎಫ್ ಎಲ್ಲ ಕಳೆದುಕೊಂಡವರು ನಮ್ಮಲ್ಲೇ ಇದ್ದಾರೆ.

ಅಂಗಡಿಗೆ ಹೋಗಿ ಕೇಳಿದೆವು. ಧಾರವಾಡದ ಅಂಗಡಿ, ಹೆಸರು ಬೇಡ. ಮಾಲೀಕರು ಒಳ್ಳೆಯವರೇ, ಚಹಾ ತರಿಸಿದರು.

“ಅಣ್ಣಾರ, ಹತ್ತ ಸಾವಿರ ಚಿಲ್ಲರಕ್ಕ ಇದಕ್ಕಿಂತ ಹೆಚ್ಚ ಏನ್ ಬರ್ತೈತ್ರೀ? ಒಂದ್ ಮೆಮೊರಿ ಕಾರ್ಡ್ ಹಾಕ್ಕೋರಿ, ಮುಗೀತು.”

“ಒಳಗಿನ ಹಾರ್ಡ್‌ಡಿಸ್ಕ ತಗದು ದೊಡ್ಡದು ಹಾಕಾಕ ಬರೂದಿಲ್ಲೇನ್ರೀ?”

“ಅದು ಬೋರ್ಡಿಗೇ ಬೆಸಿಗಿ ಹಾಕಿರ್ತಾರ್ರೀ. ತಗ್ಯಾಕ ಹೋದ್ರ ಬೋರ್ಡ ಹೊಕ್ಕೈತಿ.”

ಎರಡನೆಯ ಮಾತು ನಿಜ. ಈ ಯಂತ್ರಗಳಲ್ಲಿರುವುದು ಬಿಚ್ಚಿ ಬದಲಿಸುವ ಡಿಸ್ಕ್ ಅಲ್ಲ, ಇಎಂಎಂಸಿ ಎಂಬ ಚಿಪ್ಪು; ಅಗ್ಗದ ಮೊಬೈಲಿನಲ್ಲಿ ಇರುವಂಥದ್ದು. ಮೊದಲನೆಯ ಮಾತು ಅರ್ಧ ಮಾತ್ರ ನಿಜ. ಕಾರ್ಡಿನಲ್ಲಿ ಫೋಟೊ ಇಡಬಹುದು, ಸುದ್ದಿ ಇಡಬಹುದು. Documents ಫೋಲ್ಡರಿನ Properties ಒಳಗೆ Location ಎಂಬಲ್ಲಿ ಅದನ್ನು ಕಾರ್ಡಿಗೆ ಕಾಯಂ ಆಗಿ ಸರಿಸಲೂಬಹುದು. ನಾವು ಹಾಗೆಯೇ ಮಾಡಿದ್ದೇವೆ. ಆದರೆ ತುಂಬಿದ್ದು ನಮ್ಮ ಸುದ್ದಿಯಿಂದಲ್ಲವಲ್ಲ! ವಿಂಡೋಸ್ ಕೂರುವುದು C ಡ್ರೈವಿನಲ್ಲೇ, ಉಬ್ಬುವುದೂ ಅಲ್ಲೇ. ನಮ್ಮ 110 ಎಂಬಿ ಸರಿಸಿದರೆ ಆ ಹೊಟ್ಟೆಗೆ ಯಾವ ಲೆಕ್ಕ? ದೊಡ್ಡ ಅಪ್‌ಡೇಟಿನ ಸಮಯದಲ್ಲಿ ಮಾತ್ರ ವಿಂಡೋಸೇ 10 ಜಿಬಿ ಖಾಲಿ ಇರುವ ಪೆನ್‌ಡ್ರೈವ್ ಕೇಳುತ್ತದೆ, ಆಗ ಹೊರಗಿನ ಜಾಗ ಉಪಯೋಗಕ್ಕೆ ಬರುತ್ತದೆ.

ಇನ್ನೊಂದು ಸಲಹೆ ಬೆಂಗಳೂರಿನ ಗೆಳೆಯರದು: “ಲಿನಕ್ಸ್ ಹಾಕಿ” ಅಥವಾ “ಕ್ರೋಮ್‌ಬುಕ್ ತಗೊಳ್ಳಿ”. ಸಲಹೆ ಕೆಟ್ಟದ್ದಲ್ಲ. ಕ್ರೋಮ್‌ಬುಕ್‌ನ ವ್ಯವಸ್ಥೆ ಚಿಕ್ಕದು. ಅಪ್‌ಡೇಟಿಗಾಗಿ ಮೊದಲೇ ಎರಡನೆಯ ವಿಭಾಗ ಮೀಸಲಿಟ್ಟಿರುವುದರಿಂದ ಅಪ್‌ಡೇಟ್ ಬಂದು ನಮ್ಮ ಜಾಗ ನುಂಗುವುದಿಲ್ಲ. ಅದರ ಗುಣ ಬೇರೆ: ಡಿಸ್ಕ್ ತೀರಾ ತುಂಬಿದರೆ ಬಹಳ ದಿನ ಲಾಗಿನ್ ಆಗದ ಬಳಕೆದಾರರ ಡೇಟಾವನ್ನು ತಾನೇ ಅಳಿಸಿ ಜಾಗ ಮಾಡಿಕೊಳ್ಳುತ್ತದೆ. ಒಂದೇ ಯಂತ್ರವನ್ನು ಅಣ್ಣ ತಂಗಿ ಹಂಚಿಕೊಂಡಿದ್ದು, ತಂಗಿ ಪರೀಕ್ಷೆಗೆಂದು ಊರಿಗೆ ಹೋಗಿದ್ದರೆ, ಅವಳು ಡೌನ್‌ಲೋಡ್ಸ್‌ನಲ್ಲಿ ಇಟ್ಟದ್ದು ಹೋಯಿತು. ಆದರೆ ನಮಗೆ ಅಡ್ಡ ಬಂದದ್ದು ಇದಲ್ಲ. ನಮ್ಮ ಕೆಲವು ಡೆಸ್ಕುಗಳು ಇಂದಿಗೂ ಯುನಿಕೋಡ್ ಬರಹ ಒಲ್ಲವು. ಅವರ ಪುಟ ಕಟ್ಟುವ ತಂತ್ರಾಂಶಕ್ಕೆ ನುಡಿಯ ಹಳೆಯ ಆಸ್ಕಿ ಅಕ್ಷರವೇ ಬೇಕು. ನುಡಿ ವಿಂಡೋಸಿನ ಮೇಲೆ ಓಡುವ ತಂತ್ರಾಂಶ. ಹಾಗಾಗಿ ಕೆಲವೇ ಎಂಬಿಯ ನುಡಿಗಾಗಿ 15 ಜಿಬಿಯ ವಿಂಡೋಸನ್ನು ಹೊತ್ತು ತಿರುಗುವುದು ನಮ್ಮ ಹಣೆಬರಹ. ಸುದ್ದಿಮನೆಯವರು ಒಂದು ಪರಿವರ್ತಕವನ್ನು ತಮ್ಮ ಒಂದು ಕಂಪ್ಯೂಟರಿನಲ್ಲಿ ಇಟ್ಟುಕೊಂಡರೆ ಜಿಲ್ಲೆಗೆ ಇಪ್ಪತ್ತು ಜನ ಬಿಡಿ ವರದಿಗಾರರು ಈ ಭಾರ ಇಳಿಸಬಹುದು. ಪರಿವರ್ತನೆಯಲ್ಲಿ ಅರ್ಕಾವತ್ತು, ಒತ್ತಕ್ಷರ ಅಲ್ಲಲ್ಲಿ ಕೆಡುತ್ತವೆ, ತಿದ್ದುವವರು ಯಾರು ಎಂಬುದು ಅವರ ಪ್ರಶ್ನೆ. ಅದೇ ಅರ್ಕಾವತ್ತನ್ನು ತಿದ್ದಲು ನಾವು ಹತ್ತು ಸಾವಿರ ಸುರಿದಿದ್ದೇವೆ.

ಈಗ, ಇಂಥ ಯಂತ್ರ ಇಟ್ಟುಕೊಂಡೇ ದಿನ ತೆಗೆಯಬೇಕಾದವರಿಗೆ ನಾವು ಮಾಡಿದ್ದನ್ನು ಹೇಳುತ್ತೇವೆ. ಸ್ಟಾರ್ಟ್ ಗುಂಡಿಯ ಮೇಲೆ ಬಲ ಕ್ಲಿಕ್ ಮಾಡಿ, Admin ಎಂದಿರುವ ಪವರ್‌ಶೆಲ್ ಕಿಟಕಿ ತೆರೆದು, ಒಂದೊಂದಾಗಿ:

```
powercfg /h off
compact /compactos:query
Dism /Online /Cleanup-Image /StartComponentCleanup
```

ಮೊದಲನೆಯದು ಹೈಬರ್ನೇಶನ್ ಫೈಲನ್ನು ತೆಗೆಯುತ್ತದೆ. ಅದು ರ್‍ಯಾಮಿನ ಸುಮಾರು 40 ಶೇಕಡಾ ಗಾತ್ರದ್ದು, ಆದ್ದರಿಂದ 2 ಜಿಬಿಯ ಯಂತ್ರದಲ್ಲಿ 0.8 ಜಿಬಿಯಷ್ಟು ಉಳಿಯುತ್ತದೆ. ಬದಲಿಗೆ ಯಂತ್ರ ಏಳುವುದು ತುಸು ತಡವಾಗುತ್ತದೆ. ಎರಡನೆಯದು ಏನನ್ನೂ ಬದಲಿಸುವುದಿಲ್ಲ, ವಿಂಡೋಸ್ ಫೈಲುಗಳನ್ನು ಅದುಮಿ ಇಟ್ಟಿದ್ದಾರೋ ಇಲ್ಲವೋ ಹೇಳುತ್ತದೆ, ಅಷ್ಟೇ. ಸಣ್ಣ ಡ್ರೈವಿನ ಬಹಳಷ್ಟು ಯಂತ್ರಗಳಲ್ಲಿ ಕಾರ್ಖಾನೆಯಲ್ಲೇ ಅದುಮಿರುತ್ತಾರೆ. ಇಲ್ಲವೆಂದು ಬಂದರೆ ಮಾತ್ರ `compact /compactos:always` ಕೊಡಿ. ಚಾರ್ಜರ್ ಹಚ್ಚಿ, ಅರ್ಧ ತಾಸು ಮುಟ್ಟಬೇಡಿ. ಒಂದೆರಡು ಜಿಬಿ ಸಿಗುತ್ತದೆ. ಮೂರನೆಯದು ಹಳೆಯ ಅಪ್‌ಡೇಟುಗಳು ಬಿಟ್ಟುಹೋದ ಹಳೆಯ ಪ್ರತಿಗಳನ್ನು ಗುಡಿಸುತ್ತದೆ. 20 ಶೇಕಡಾ ದಾಟಿದ ಮೇಲೆ ನಿಂತಂತೆ ಕಾಣುತ್ತದೆ, ನಿಂತಿರುವುದಿಲ್ಲ. ನಮ್ಮಲ್ಲೊಬ್ಬರು ಸಿಟ್ಟಿಗೆದ್ದು ಪವರ್ ಗುಂಡಿ ಒತ್ತಿದ್ದರು, ಹಾಗೆ ಮಾಡಬೇಡಿ.

ಇಷ್ಟರಿಂದ ನಮಗೆ ಸಿಕ್ಕದ್ದು ಸುಮಾರು 3 ಜಿಬಿ. ತಿಂಗಳ ಮಾಮೂಲಿ ಅಪ್‌ಡೇಟಿಗೆ ಸಾಕು, ಆವೃತ್ತಿ ಬದಲಿಸಲು ಸಾಲದು. ಕಡೆಗೆ ಎಲ್ಲ ಅಳಿಸಿ ಹೊಸದಾಗಿ ವಿಂಡೋಸ್ ಹಾಕುವುದೇ ದಾರಿ ಆಯಿತು. ಅದಕ್ಕೆ 8 ಜಿಬಿಯ ಪೆನ್‌ಡ್ರೈವ್ ಒಂದು, ಬೇರೆಯವರ ಕಂಪ್ಯೂಟರಿನಲ್ಲಿ ಅದನ್ನು ತಯಾರಿಸಿಕೊಳ್ಳಲು ಒಂದು ಮಧ್ಯಾಹ್ನ ಬೇಕು. ಕೀಲಿ ಸಂಖ್ಯೆ ಬೇಕಾಗಲಿಲ್ಲ, ಲೈಸನ್ಸು ಬೋರ್ಡಿಗೇ ಅಂಟಿಕೊಂಡಿತ್ತು. ಆದರೆ ಅಳಿಸುವ ಮೊದಲು ಒಂದು ಕೆಲಸ ಬಿಡಲೇಬಾರದು. ಇಂಥ ಅಗ್ಗದ ಯಂತ್ರಗಳ ಧ್ವನಿ, ಟಚ್‌ಪ್ಯಾಡ್, ವೈಫೈಗಳ ಡ್ರೈವರುಗಳು ಹೊಸ ವಿಂಡೋಸಿನಲ್ಲಿ ಇಲ್ಲದಿರಬಹುದು. ಕಂಪನಿಯ ಜಾಲತಾಣದಲ್ಲೂ ಹಲವು ಸಲ ಸಿಗುವುದಿಲ್ಲ. D ಎಂಬುದು ನಿಮ್ಮ ಕಾರ್ಡೋ ಪೆನ್‌ಡ್ರೈವೋ ಆಗಿದ್ದರೆ, ಅದರಲ್ಲಿ drivers ಎಂಬ ಫೋಲ್ಡರ್ ಮಾಡಿ ಹೀಗೆ ಕೊಡಿ:

```
Dism /Online /Export-Driver /Destination:D:\drivers
```

ನಮ್ಮ ಮೊದಲ ಯಂತ್ರಕ್ಕೆ ಇದನ್ನು ಮಾಡದೆ ಹೊಸದಾಗಿ ಹಾಕಿದೆವು. ಆ ಯಂತ್ರ ಇಂದಿಗೂ ಮೂಕ. ಸಂದರ್ಶನದ ಧ್ವನಿಮುದ್ರಣ ಕೇಳಲು ಮೊಬೈಲೇ ಗತಿ. ಎರಡನೆಯದಕ್ಕೆ ಮೊದಲೇ ಡ್ರೈವರು ತೆಗೆದಿಟ್ಟುಕೊಂಡೆವು, ಅನುಸ್ಥಾಪನೆಯಲ್ಲಿ ಹಳೆಯ ವಿಭಾಗಗಳನ್ನೆಲ್ಲ ಅಳಿಸಿದೆವು, ಕಾರ್ಖಾನೆಯ ಆಟಗೀಟ ಎಲ್ಲ ಹೋದವು. ಎಲ್ಲ ಮುಗಿದಾಗ 11 ಜಿಬಿ ಖಾಲಿ ಸಿಕ್ಕಿತು, ಕೊಂಡ ದಿನಕ್ಕಿಂತ ಹೆಚ್ಚು! ಅಂದಮೇಲೆ ಕೊಂಡ ದಿನ ಆ 2 ಜಿಬಿ ಯಾರ ಜಾಹೀರಾತಿಗೆ ಬಾಡಿಗೆ ಹೋಗಿತ್ತು ಎಂಬುದನ್ನು ನೀವೇ ಊಹಿಸಿ.

ಅದಾದ ಮೇಲೆ ನಾವು ಇಟ್ಟುಕೊಂಡ ಪಥ್ಯ ಕಡಿಮೆಯೇ. ವಾಟ್ಸ್ಯಾಪ್ ಆಪ್ ಹಾಕುವುದಿಲ್ಲ, ಬ್ರೌಸರಿನಲ್ಲೇ ತೆರೆಯುತ್ತೇವೆ. ನೂರಾರು ಗುಂಪಿನ ವಿಡಿಯೊ ತಾವಾಗಿ C ಡ್ರೈವಿಗೆ ಬಂದು ಬೀಳುವುದು ತಪ್ಪಿತು. ಮನೆಯ ವೈಫೈಯನ್ನು Metered connection ಎಂದು ಗುರುತು ಮಾಡಿದ್ದೇವೆ. ಆಗ ವಿಂಡೋಸ್ ಬಹುತೇಕ ಅಪ್‌ಡೇಟುಗಳನ್ನು ಕೇಳದೆ ಇಳಿಸುವುದಿಲ್ಲ. ತಿಂಗಳಿಗೊಂದು ಭಾನುವಾರ ನಾವೇ ಕೂತು ಇಳಿಸುತ್ತೇವೆ. 3 ಜಿಬಿಗಿಂತ ಕೆಳಗೆ ಇಳಿಯಲು ಬಿಡುವುದಿಲ್ಲ. ಇಎಂಎಂಸಿ ತುಂಬುತ್ತ ಬಂದಂತೆ ಬರೆಯುವ ವೇಗವೂ ಬೀಳುತ್ತದೆ. ಟಾಸ್ಕ್ ಮ್ಯಾನೇಜರಿನಲ್ಲಿ Disk ಸಾಲು ಸುಮ್ಮಸುಮ್ಮನೆ 100 ಶೇಕಡಾದಲ್ಲಿ ನಿಂತರೆ, ಅಕ್ಷರ ಹೊಡೆದು ಎರಡು ಕ್ಷಣದ ಮೇಲೆ ಪರದೆಗೆ ಬಂದರೆ, ಮೊದಲು ಖಾಲಿ ಜಾಗ ನೋಡುತ್ತೇವೆ.

ಇಷ್ಟೆಲ್ಲ ಯಾರ ಕೆಲಸ? ನಾವು ಪತ್ರಿಕೋದ್ಯಮ ಓದಿದವರು. ಸುದ್ದಿಗಿಷ್ಟು ಎಂದು ಕೂಲಿ ಪಡೆಯುವವರು. ಜಾಗ ಗುಡಿಸಿದ ಭಾನುವಾರಕ್ಕೆ ಯಾರೂ ಕಾಸು ಕೊಡುವುದಿಲ್ಲ. ಹತ್ತು ಸಾವಿರದ ಯಂತ್ರ ಅಗ್ಗ ಅನಿಸುವುದು ನಮ್ಮ ಭಾನುವಾರಗಳಿಗೆ ಬೆಲೆ ಇಲ್ಲ ಎಂದುಕೊಂಡಾಗ ಮಾತ್ರ.

ಇನ್ನು ತಯಾರಕರ ಮಾತು. 2019ರ ಮೇ ತಿಂಗಳ ಆವೃತ್ತಿಗೆ ಮುಂಚೆ ವಿಂಡೋಸ್ 10ಕ್ಕೆ ಬೇಕೆಂದು ಹೇಳುತ್ತಿದ್ದ ಕನಿಷ್ಠ ಸಂಗ್ರಹ 16 ಜಿಬಿ, 64 ಬಿಟ್ಟಿನದಾದರೆ 20. ಆ ಆವೃತ್ತಿಯಿಂದ ಹೊಸ ಯಂತ್ರಗಳಿಗೆ ಅದು 32 ಆಯಿತು. ಕನಿಷ್ಠ ಅಂದರೆ ಅದಕ್ಕಿಂತ ಕಡಿಮೆ ಇರಬಾರದು ಎಂದರ್ಥ. ಅಗ್ಗದ ಯಂತ್ರ ಮಾಡುವವರು ಅದನ್ನು ಅಷ್ಟು ಇದ್ದರೆ ಸಾಕು ಎಂದು ಓದಿಕೊಂಡರು. ವಿಂಡೋಸ್ 11ಕ್ಕೆ ಕನಿಷ್ಠ 64 ಜಿಬಿ ಎಂದರು. ಈಗ ಅಂಗಡಿಯಲ್ಲಿ ಬಂದು ನಿಂತಿರುವ ಅಗ್ಗದ ಯಂತ್ರಗಳಲ್ಲಿ ಎಷ್ಟಿದೆ ನೋಡಿ, ಸರಿಯಾಗಿ 64. ಅಪ್‌ಡೇಟುಗಳಿಗೆ ಇನ್ನೂ ಜಾಗ ಬೇಕಾಗಬಹುದು ಎಂದು ಮೈಕ್ರೋಸಾಫ್ಟಿನ ಪುಟದಲ್ಲೇ ಬರೆದಿದೆ. ಡಬ್ಬಿಯ ಮೇಲೆ ಆ ಸಾಲು ಬರುವುದಿಲ್ಲ. ನಮ್ಮ 32ರ ಯಂತ್ರಗಳಿಗಂತೂ ವಿಂಡೋಸ್ 11ರ ಬಾಗಿಲು ಮುಚ್ಚಿದೆ. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ ಬೆಂಬಲ ಮುಗಿಯಿತು. ಮನೆಬಳಕೆದಾರರು ಹೆಸರು ನೋಂದಾಯಿಸಿಕೊಂಡರೆ 2026ರ ಅಕ್ಟೋಬರ್‌ವರೆಗೆ ಭದ್ರತಾ ತೇಪೆ ಸಿಗುತ್ತದೆ. ಐದು ವರ್ಷ ಜಾಗ ಗುಡಿಸಿ ಉಳಿಸಿಕೊಂಡದ್ದಕ್ಕೆ ಸಿಕ್ಕ ಆಯುಷ್ಯ ಇಷ್ಟು.

ಕಾಸು ಅಷ್ಟೇ ಇದೆ, ಏನು ಕೊಳ್ಳಬೇಕು ಎಂದು ನಮ್ಮ ಕಿರಿಯರು ಕೇಳುತ್ತಾರೆ. ನಾಲ್ಕನೆಯವರು ನಮ್ಮ ಹಾಗೆ ಹೊಸ ಡಬ್ಬಿಗೆ ಮರುಳಾಗದೆ ಹುಬ್ಬಳ್ಳಿಯಲ್ಲಿ ಕಚೇರಿಯೊಂದು ಬಳಸಿ ಬಿಟ್ಟ ಹಳೆಯ ಲ್ಯಾಪ್‌ಟಾಪನ್ನು ಹೆಚ್ಚುಕಡಿಮೆ ಅದೇ ಬೆಲೆಗೆ ಕೊಂಡಿದ್ದರು. ಭಾರ ಜಾಸ್ತಿ, ಬ್ಯಾಟರಿ ಒಂದೂವರೆ ತಾಸು, ವಿಂಡೋಸ್ 11 ಅದಕ್ಕೂ ಅಧಿಕೃತವಾಗಿ ಇಲ್ಲ. ಆದರೆ ತಳದ ನಾಲ್ಕು ತಿರುಪು ಬಿಚ್ಚಿದರೆ ಡಿಸ್ಕ್ ಕೈಗೆ ಬರುತ್ತದೆ, 256 ಜಿಬಿಯ ಎಸ್‌ಎಸ್‌ಡಿ ಹಾಕಿಸಿದ್ದಾರೆ. ಎಣಿಕೆಯ ರಾತ್ರಿ ಕೈಯಲ್ಲಿ ಚಾರ್ಜರ್ ಹಿಡಿದು ಪ್ಲಗ್ ಹುಡುಕುತ್ತಿದ್ದರು, ಸುದ್ದಿ ಮಾತ್ರ ಕಳೆದುಕೊಳ್ಳಲಿಲ್ಲ.

ಕಳೆದ ತಿಂಗಳು ನಮ್ಮೂರಿನ ಹುಡುಗನೊಬ್ಬನಿಗೆ ಲ್ಯಾಪ್‌ಟಾಪ್ ಕೊಡಿಸಲು ಅದೇ ಧಾರವಾಡದ ಅಂಗಡಿಗೆ ಹೋದೆವು. ಹೊಸ ಮಾದರಿ, ಡಬ್ಬಿಯ ಮೇಲೆ 64. ಪ್ರದರ್ಶನಕ್ಕಿಟ್ಟದ್ದನ್ನು ಚಾಲೂ ಮಾಡಿ Storage ತೋರಿಸಿ ಎಂದೆವು.

“ಅದನ್ನ ಯಾರೂ ಕೇಳೂದಿಲ್ರೀ ಅಣ್ಣಾರ,” ಎಂದರು ಮಾಲೀಕರು. ತೋರಿಸಿದರು. ಹುಡುಗ ಜೇಬಿನಿಂದ ಪೆನ್ನು ತೆಗೆದು, ಡಬ್ಬಿಯ ಮೇಲಿನ 64ರ ಪಕ್ಕದಲ್ಲಿ ಪರದೆ ಹೇಳಿದ ಅಂಕಿಯನ್ನು ಬರೆದ. ಮಾಲೀಕರು ಬೇಡವೆನ್ನಲಿಲ್ಲ. ಡಬ್ಬಿ ಇನ್ನೂ ಆ ಅಂಗಡಿಯಲ್ಲೇ ಇದೆ.